ಕೊಂಡದ್ದೆಷ್ಟು, ತುಂಬಬಹುದಾದದ್ದೆಷ್ಟು

ಹಳೆಯ ಪತ್ರಿಕೆಗಳ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಕಾಪಿಡಲು ಹೊರಟ ಒಂದು ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಅದು ಏಳು ಸರ್ವರ್‌ಗಳನ್ನು ಕೊಳ್ಳುತ್ತದೆ. ಒಂದೊಂದರಲ್ಲೂ 16 ಟೆರಾಬೈಟಿನ ಹತ್ತು ಹಾರ್ಡ್ ಡಿಸ್ಕ್‌ಗಳು. ಬಿಲ್ಲಿನ ಪ್ರಕಾರ ಒಟ್ಟು ಜಾಗ 1,120 ಟೆರಾಬೈಟ್. ಈ ಏಳು ಪೆಟ್ಟಿಗೆಗಳಲ್ಲಿ ನಿಜವಾಗಿ ಎಷ್ಟು ಪುಟಗಳನ್ನು ತುಂಬಬಹುದು? ಉತ್ತರ ಕಾಲುಭಾಗವೂ ಆಗಬಹುದು, ಅರ್ಧಭಾಗವೂ ಆಗಬಹುದು. ಯಾವುದೆಂಬುದು ದತ್ತಾಂಶವನ್ನು ಹಂಚಿಡುವ ಕ್ರಮದ ಮೇಲೆ ನಿಂತಿದೆ.

ಹಂಚಿಡಲೇಬೇಕು, ಏಕೆಂದರೆ ಡಿಸ್ಕ್ ಕೆಡುತ್ತದೆ. ಎಪ್ಪತ್ತು ಡಿಸ್ಕ್‌ಗಳಿರುವಲ್ಲಿ ಇವತ್ತಲ್ಲದಿದ್ದರೆ ನಾಳೆ ಒಂದು ಕೆಟ್ಟೇ ಕೆಡುತ್ತದೆ. ಕೆಲವೊಮ್ಮೆ ಇಡೀ ಸರ್ವರೇ ನಿಂತುಹೋಗುತ್ತದೆ. ಇದಕ್ಕೆ ಎಲ್ಲರಿಗೂ ಹೊಳೆಯುವ ಉಪಾಯ ರೆಪ್ಲಿಕೇಷನ್, ಅಂದರೆ ಪ್ರತಿ ಕಡತದ ಮೂರು ನಕಲುಗಳನ್ನು ಮೂರು ಬೇರೆ ಸರ್ವರ್‌ಗಳಲ್ಲಿ ಇಡುವುದು. ಎರಡು ಸರ್ವರ್ ಹೋದರೂ ಮೂರನೆಯದರಲ್ಲಿ ಪ್ರತಿ ಇರುತ್ತದೆ. ಆದರೆ ಒಂದು ಟೆರಾಬೈಟ್ ಇಡಲು ಮೂರು ಟೆರಾಬೈಟ್ ಬೇಕು. 1,120ನ್ನು ಮೂರರಿಂದ ಭಾಗಿಸಿದರೆ ಉಳಿಯುವುದು 373.

ಎರಡನೆಯ ಉಪಾಯ ಇರೇಷರ್ ಕೋಡಿಂಗ್. ಇದು ನಕಲು ಮಾಡುವುದಿಲ್ಲ, ಲೆಕ್ಕ ಬರೆದಿಡುತ್ತದೆ. ಒಂದು ಕಡತವನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಒಂದೇ ಒಂದು ಸಂಖ್ಯೆ ಇದೆಯೆಂದು ಇಟ್ಟುಕೊಳ್ಳೋಣ: 7, 3, 5, 2. ಇವುಗಳ ಜೊತೆ ಎರಡು ಲೆಕ್ಕದ ತುಂಡುಗಳನ್ನು ಸೇರಿಸುತ್ತೇವೆ. ಮೊದಲನೆಯದು ನಾಲ್ಕರ ಮೊತ್ತ, 17. ಎರಡನೆಯದರಲ್ಲಿ ಒಂದನೆಯ ಸಂಖ್ಯೆಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ, ನಾಲ್ಕನೆಯದನ್ನು 4ರಿಂದ ಗುಣಿಸಿ ಕೂಡಿಸುತ್ತೇವೆ: 7, 6, 15, 8 ಸೇರಿ 36. ಒಟ್ಟು ಆರು ತುಂಡುಗಳು ಆರು ಸರ್ವರ್‌ಗಳಿಗೆ ಹೋಗುತ್ತವೆ.

ಈಗ ಎರಡನೆಯ ಮತ್ತು ನಾಲ್ಕನೆಯ ತುಂಡುಗಳಿದ್ದ ಸರ್ವರ್‌ಗಳು ಒಟ್ಟಿಗೆ ಕೆಟ್ಟವು ಎನ್ನೋಣ. ಕೈಯಲ್ಲಿ ಉಳಿದದ್ದು 7, 5, 17, 36. ಮೊತ್ತ 17ರಲ್ಲಿ 7 ಮತ್ತು 5 ಕಳೆದರೆ, ಕಾಣೆಯಾದ ಎರಡೂ ಸೇರಿ 5 ಎಂದಾಯಿತು. 36ರಲ್ಲಿ 7 ಮತ್ತು 15 ಕಳೆದರೆ 14. ಅಂದರೆ ಎರಡನೆಯ ಸಂಖ್ಯೆಯ ಎರಡರಷ್ಟು ಮತ್ತು ನಾಲ್ಕನೆಯದರ ನಾಲ್ಕರಷ್ಟು ಸೇರಿ 14. ಅರ್ಧ ಮಾಡಿದರೆ, ಎರಡನೆಯದು ಮತ್ತು ನಾಲ್ಕನೆಯದರ ಎರಡರಷ್ಟು ಸೇರಿ 7. ಬರೀ ಕೂಡಿದಾಗ 5, ನಾಲ್ಕನೆಯದನ್ನು ಇನ್ನೊಮ್ಮೆ ಸೇರಿಸಿದಾಗ 7. ಹಾಗಾದರೆ ನಾಲ್ಕನೆಯದು 2, ಎರಡನೆಯದು 3. ಕಳೆದುಹೋದದ್ದು ಸಿಕ್ಕಿತು. ಹೈಸ್ಕೂಲಿನಲ್ಲಿ ಎರಡು ಸಮೀಕರಣ ಬಿಡಿಸಿ ಎರಡು ಅಜ್ಞಾತಗಳನ್ನು ಕಂಡುಹಿಡಿದದ್ದು ನೆನಪಿದ್ದರೆ, ಇಲ್ಲಿ ನಡೆದದ್ದೂ ಅಷ್ಟೇ. ಆರರಲ್ಲಿ ಯಾವ ಎರಡು ಹೋದರೂ ಉಳಿದ ನಾಲ್ಕರಿಂದ ಎಲ್ಲವನ್ನೂ ಹೀಗೆಯೇ ಬಿಡಿಸಬಹುದು.

ನಿಜವಾದ ಯಂತ್ರಗಳಲ್ಲಿ ಮೊತ್ತ ಬೆಳೆಯುತ್ತ ಹೋಗಿ ಒಂದು ಬೈಟಿಗೆ ಹಿಡಿಸದಂತೆ ಆಗಬಾರದು. ಅದಕ್ಕಾಗಿ 256 ಸಂಖ್ಯೆಗಳಷ್ಟೇ ಇರುವ, ಎಷ್ಟು ಕೂಡಿ ಗುಣಿಸಿದರೂ ಅದರೊಳಗೇ ಉಳಿಯುವ ಒಂದು ವಿಶೇಷ ಅಂಕಗಣಿತವನ್ನು ಬಳಸುತ್ತಾರೆ. ಈ ಬಗೆಯ ಸಂಕೇತವನ್ನು ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದಲ್ಲಿದ್ದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಒಂದು ಪುಟ್ಟ ಪ್ರಬಂಧದಲ್ಲಿ ಪ್ರಕಟಿಸಿದರು. ಗೀರು ಬಿದ್ದ ಸಿಡಿ ಹಾಡಿದ್ದು ಈ ಲೆಕ್ಕದಿಂದಲೇ. ತರಕಾರಿ ಅಂಗಡಿಯ ಕ್ಯೂಆರ್ ಚೀಟಿಯ ಮೇಲೆ ಒಂದಿಷ್ಟು ಕಲೆ ಬಿದ್ದಿದ್ದರೂ ಹಣ ಸರಿಯಾದ ಖಾತೆಗೆ ಹೋಗುವುದಕ್ಕೂ ಇದೇ ಕಾರಣ.

'ಇರೇಷರ್' ಎಂಬ ಹೆಸರಿನಲ್ಲೇ ಒಂದು ಮುಖ್ಯ ಸಂಗತಿ ಅಡಗಿದೆ. ಅಳಿಸಿಹೋಗುವುದು ಬೇರೆ, ತಪ್ಪಾಗುವುದು ಬೇರೆ. ಯಾವ ಜಾಗ ಖಾಲಿಯಾಗಿದೆ ಎಂದು ಗೊತ್ತಿದ್ದರೆ ಎರಡು ಲೆಕ್ಕದ ತುಂಡುಗಳಿಂದ ಎರಡು ನಷ್ಟಗಳನ್ನು ತುಂಬಬಹುದು. ಎಲ್ಲೋ ತಪ್ಪಾಗಿದೆ, ಎಲ್ಲಿ ಎಂದು ಗೊತ್ತಿಲ್ಲ ಎಂದರೆ ಒಂದನ್ನು ಮಾತ್ರ ಸರಿಪಡಿಸಬಹುದು, ಏಕೆಂದರೆ ಜಾಗ ಹುಡುಕುವುದಕ್ಕೂ ಒಂದು ಸಮೀಕರಣ ಖರ್ಚಾಗುತ್ತದೆ. ಆದ್ದರಿಂದಲೇ ಸಂಗ್ರಹ ವ್ಯವಸ್ಥೆಗಳು ಪ್ರತಿ ತುಂಡಿಗೂ ಚೆಕ್‌ಸಮ್ ಇಟ್ಟು ಆಗಾಗ ಓದಿ ಪರೀಕ್ಷಿಸುತ್ತವೆ. ಹಾಳಾದ ತುಂಡನ್ನು ಗುರುತಿಸಿ ಬದಿಗಿಟ್ಟರೆ, ತಪ್ಪು ಅಳಿಸಿದ್ದಕ್ಕೆ ಸಮವಾಗುತ್ತದೆ.

ಗ್ರಂಥಾಲಯದ ಲೆಕ್ಕಕ್ಕೆ ಮರಳೋಣ. ನಾಲ್ಕು ತುಂಡಿಗೆ ಎರಡು ಲೆಕ್ಕದ ತುಂಡು ಎಂಬ ಏರ್ಪಾಡನ್ನು 4+2 ಎನ್ನುತ್ತಾರೆ. ನಾಲ್ಕು ಟೆರಾಬೈಟ್ ಇಡಲು ಆರು ಬೇಕು, ಅಂದರೆ ಒಂದಕ್ಕೆ ಒಂದೂವರೆ. ಮೂರು ನಕಲಿನ ಹಾಗೆಯೇ ಇದೂ ಎರಡು ಸರ್ವರ್‌ಗಳ ನಷ್ಟವನ್ನು ತಾಳುತ್ತದೆ, ಆದರೆ ಅರ್ಧ ಜಾಗದಲ್ಲಿ. 1,120ರಲ್ಲಿ ಮೂರನೇ ಎರಡು ಭಾಗ, 747 ಟೆರಾಬೈಟ್ ಸಿಗುತ್ತದೆ. ಟೆಂಡರ್‌ಗಳಲ್ಲಿ ಈ ಸಂಖ್ಯೆಯನ್ನೇ ಬರೆದು ಮುಗಿಸುವವರಿದ್ದಾರೆ. ಅದು ತಪ್ಪು ಎಂದು ನಾನು ಒತ್ತಿ ಹೇಳುತ್ತೇನೆ.

ಒಂದು ಸರ್ವರ್ ಕೆಟ್ಟಾಗ ಅದರ ತುಂಡುಗಳನ್ನು ಉಳಿದ ಆರರಲ್ಲಿ ಮತ್ತೆ ಕಟ್ಟಬೇಕು. ಅದಕ್ಕೆ ಜಾಗ ಖಾಲಿ ಇರಬೇಕು. ಹಾಗಾಗಿ ಮೊದಲೇ ಒಂದು ಸರ್ವರ್ ಇಲ್ಲವೆಂದು ಎಣಿಸಬೇಕು: ಉಳಿದದ್ದು 960. ಡಿಸ್ಕನ್ನು ಕಂಠದವರೆಗೆ ತುಂಬುವಂತೆಯೂ ಇಲ್ಲ. ಇಂಥ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಸೆಫ್ ಎಂಬ ಮುಕ್ತ ತಂತ್ರಾಂಶ, ಬೇರೆ ಹೇಳದಿದ್ದರೆ, ಡಿಸ್ಕ್ 85% ತುಂಬಿದಾಗ ಎಚ್ಚರಿಸುತ್ತದೆ. 90%ಕ್ಕೆ ದುರಸ್ತಿಯ ತುಂಡುಗಳನ್ನು ಆ ಡಿಸ್ಕಿಗೆ ಕಳಿಸುವುದನ್ನು ನಿಲ್ಲಿಸುತ್ತದೆ. 95%ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. 960ರಲ್ಲಿ 85% ಅಂದರೆ 816. ಇದನ್ನು ಭಾಗಿಸಿದರೆ ಮೂರು ನಕಲಿನಲ್ಲಿ 272, 4+2ರಲ್ಲಿ 544. ಕೊಂಡದ್ದರ ಕಾಲುಭಾಗ ಮತ್ತು ಅರ್ಧಭಾಗ ಎಂದೆನಲ್ಲ, ಅದು ಈ ಸಂಖ್ಯೆಗಳು. ಪರದೆಯ ಮೇಲೆ 544ರ ಬದಲು 495 ಕಂಡರೆ ಗಾಬರಿ ಬೇಡ. ಮಾರುವವರ ಟೆರಾಬೈಟ್ ಒಂದು ಲಕ್ಷ ಕೋಟಿ ಬೈಟ್, ಪರದೆಯ `TiB` ಅದಕ್ಕಿಂತ ಸುಮಾರು 10% ದೊಡ್ಡದು.

ಆರು ತುಂಡಿಗೆ ಆರೇ ಸರ್ವರ್ ಸಾಕಲ್ಲವೇ, ಏಳೇಕೆ ಎಂದು ಕೇಳಬಹುದು. ಆರೇ ಇದ್ದು ಒಂದು ಕೆಟ್ಟರೆ, ಆರನೆಯ ತುಂಡನ್ನು ಕಟ್ಟಿಡಲು ಬೇರೆ ಸರ್ವರ್ ಇಲ್ಲ. ಹೊಸದು ಬರುವ ತನಕ ಎಲ್ಲ ಕಡತಗಳೂ ಐದೇ ತುಂಡಿನಲ್ಲಿ ಕಾಯಬೇಕು. ಇಲ್ಲಿ ಇನ್ನೊಂದು ಹಳ್ಳವಿದೆ. ಸೆಫ್‌ನಲ್ಲಿ ಏರ್ಪಾಡು ಬರೆಯುವಾಗ ತುಂಡುಗಳು ಬೇರೆ ಬೇರೆ ಸರ್ವರ್‌ಗೆ ಹೋಗಬೇಕೆಂದು ಹೀಗೆ ಹೇಳುತ್ತಾರೆ:

```
ceph osd erasure-code-profile set ec42 \
  k=4 m=2 crush-failure-domain=host
```

ಕೊನೆಯ `host` ಜಾಗದಲ್ಲಿ `osd` ಎಂದು ಬರೆದರೆ, ತುಂಡುಗಳು ಬೇರೆ ಬೇರೆ ಡಿಸ್ಕಿಗೆ ಹೋದರೆ ಸಾಕು ಎಂದಾಗುತ್ತದೆ. ಆಗ ಮೂರು ತುಂಡುಗಳು ಒಂದೇ ಸರ್ವರ್‌ನಲ್ಲಿ ಬೀಳಬಹುದು. ಜಾಗದ ಲೆಕ್ಕ ಅಷ್ಟೇ ಇರುತ್ತದೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆ ಸರ್ವರ್ ನಿಂತ ದಿನ ಮಾತ್ರ ಕಡತ ಸಿಗುವುದಿಲ್ಲ.

ಉಳಿಸಿದ ಜಾಗದ ಬೆಲೆಯನ್ನು ದುರಸ್ತಿಯಲ್ಲಿ ತೆರಬೇಕು. ನಕಲು ಕಳೆದರೆ ಇನ್ನೊಂದು ನಕಲನ್ನು ಓದಿ ಬರೆದರಾಯಿತು. 4+2ರಲ್ಲಿ ಒಂದು ತುಂಡನ್ನು ಕಟ್ಟಲು ನಾಲ್ಕು ತುಂಡುಗಳನ್ನು ಓದಬೇಕು. ನಮ್ಮ ಏಳು ಸರ್ವರ್‌ಗಳು 816 ಟೆರಾಬೈಟ್ ತುಂಬಿದ್ದರೆ ಒಂದೊಂದರಲ್ಲಿ ಸುಮಾರು 117 ಇರುತ್ತದೆ. ಒಂದು ಕೆಟ್ಟಿತು. ಉಳಿದ ಆರೂ ದುರಸ್ತಿಗೆಂದು ತಲಾ ಸೆಕೆಂಡಿಗೆ 500 ಮೆಗಾಬೈಟ್ ಓದುತ್ತವೆ ಎಂದುಕೊಂಡರೆ, ಮೂರು ನಕಲಿನ ಏರ್ಪಾಡಿನಲ್ಲಿ ಓದಿಗೆ ಸುಮಾರು 11 ಗಂಟೆ, 4+2ರಲ್ಲಿ ಸುಮಾರು 43 ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಓದುಗರೂ ಪುಟ ಕೇಳುತ್ತಿರುತ್ತಾರೆ, ಹಾಗಾಗಿ ವೇಗ ಇನ್ನೂ ಇಳಿಯುತ್ತದೆ.

ಆ 43 ಗಂಟೆಗಳಲ್ಲಿ ಎರಡನೆಯ ಸರ್ವರ್ ಕೆಟ್ಟರೆ? ದತ್ತಾಂಶ ಕಳೆಯುವುದಿಲ್ಲ. ಆದರೆ ನಾಲ್ಕೇ ತುಂಡು ಉಳಿದ ಭಾಗಗಳಲ್ಲಿ ಸೆಫ್ ಓದು ಬರಹ ಎರಡನ್ನೂ ತಡೆಯುತ್ತದೆ, ಏಕೆಂದರೆ ಕನಿಷ್ಠ ಐದು ತುಂಡು ಇರಬೇಕೆಂಬುದು ಅದರ ಮೂಲ ನಿಯಮ. ನಾಲ್ಕೇ ತುಂಡಿನಲ್ಲಿ ಹೊಸದಾಗಿ ಬರೆದ ಕಡತಕ್ಕೆ ಆಸರೆಯೇ ಇಲ್ಲ, ಇನ್ನೊಂದು ಡಿಸ್ಕ್ ಹೋದರೆ ಅದು ಹೋದಂತೆಯೇ. ಅವಸರದಲ್ಲಿ ಈ ಮಿತಿಯನ್ನು ನಾಲ್ಕಕ್ಕೆ ಇಳಿಸುವವರನ್ನು ಬೇಡವೆಂದು ತಡೆಯಬೇಕು. ಮೊದಲು ದುರಸ್ತಿ ಸಾಗಲಿ.

ಓದಿನ ಈ ಹೊರೆಯನ್ನು ಇಳಿಸುವ ದಾರಿಯೂ ಇದೆ. ಮೈಕ್ರೋಸಾಫ್ಟ್‌ನವರು ತಮ್ಮ ಅಜೂರ್ ಸಂಗ್ರಹದ ಬಗ್ಗೆ 2012ರಲ್ಲಿ ವಿವರಿಸಿದಂತೆ, ಹನ್ನೆರಡು ತುಂಡುಗಳನ್ನು ಆರಾರರ ಎರಡು ಗುಂಪು ಮಾಡಿ, ಪ್ರತಿ ಗುಂಪಿಗೆ ಅದರದೇ ಒಂದು ಲೆಕ್ಕದ ತುಂಡು ಕೊಟ್ಟು, ಎಲ್ಲಕ್ಕೂ ಸೇರಿದಂತೆ ಇನ್ನೆರಡು ಇಟ್ಟರು. ಒಂದು ತುಂಡು ಹೋದರೆ ಹನ್ನೆರಡನ್ನು ಓದಬೇಕಿಲ್ಲ, ಅದೇ ಗುಂಪಿನ ಆರನ್ನು ಓದಿದರೆ ಸಾಕು. ಒಂದು ಟೆರಾಬೈಟಿಗೆ ಖರ್ಚಾಗುವುದು 1.33 ಮಾತ್ರ. ಆದರೆ ಹದಿನಾರು ತುಂಡುಗಳನ್ನು ಬೇರೆ ಬೇರೆ ಕಡೆ ಹಂಚುವಷ್ಟು ದೊಡ್ಡ ವ್ಯವಸ್ಥೆ ಬೇಕು. ಏಳು ಸರ್ವರ್‌ಗಳ ಗ್ರಂಥಾಲಯಕ್ಕೆ ಅದು ಎಟುಕುವುದಿಲ್ಲ.

ಇನ್ನು ಸಣ್ಣ ಕಡತಗಳ ಪ್ರಶ್ನೆ. ನನಗೆ ಇದು ಎಲ್ಲಕ್ಕಿಂತ ಕಣ್ಣು ತೆರೆಸಿದ ಭಾಗ. ಡಿಸ್ಕ್ ತನ್ನ ಜಾಗವನ್ನು ಒಂದು ಕನಿಷ್ಠ ಅಳತೆಯಲ್ಲಿ ಕೊಡುತ್ತದೆ. ಸೆಫ್‌ನಲ್ಲಿ ಹಾರ್ಡ್ ಡಿಸ್ಕ್‌ಗೆ ಅದು ಮೊದಲು 64 ಕಿಲೋಬೈಟ್ ಇತ್ತು. 16 ಕಿಲೋಬೈಟಿನ ಒಂದು ಪುಟ್ಟ ಕಡತವನ್ನು 4+2ರಲ್ಲಿ ಇಟ್ಟರೆ, ಒಂದೊಂದು ತುಂಡೂ 4 ಕಿಲೋಬೈಟ್, ಆದರೆ ಒಂದೊಂದೂ 64 ಹಿಡಿಯುತ್ತದೆ. ಆರು ತುಂಡಿಗೆ 384. ಮೂರು ನಕಲಿಗಾದರೆ 192. ಜಾಗ ಉಳಿಸಲೆಂದು ಆರಿಸಿದ ಏರ್ಪಾಡು ಎರಡರಷ್ಟು ಜಾಗ ತಿಂದಿತು! 2021ರ ಪೆಸಿಫಿಕ್ ಆವೃತ್ತಿಯಲ್ಲಿ ಈ ಅಳತೆ 4 ಕಿಲೋಬೈಟಿಗೆ ಇಳಿಯಿತು. ಆದರೆ ಹಳೆಯ ಡಿಸ್ಕ್‌ಗಳು ತಂತ್ರಾಂಶ ಬದಲಾದರೂ ಹಳೆಯ ಅಳತೆಯಲ್ಲೇ ಇರುತ್ತವೆ, ಒಂದೊಂದನ್ನೂ ಖಾಲಿ ಮಾಡಿ ಹೊಸದಾಗಿ ಕಟ್ಟಬೇಕು. ಹೀಗಾಗಿದೆಯೇ ಎಂದು ತಿಳಿಯುವುದು ಸುಲಭ. `ceph df` ಎಂದು ಕೇಳಿದಾಗ `STORED` ಮತ್ತು `USED` ಎಂಬ ಎರಡು ಅಂಕಣ ಬರುತ್ತವೆ. 4+2ರಲ್ಲಿ ಎರಡನೆಯದು ಮೊದಲನೆಯದರ ಒಂದೂವರೆಯಷ್ಟಿರಬೇಕು. ಎರಡೂವರೆ, ಮೂರು ಎಂದು ಕಂಡರೆ ಸಣ್ಣ ಕಡತಗಳು ಒಳಗೆ ಸೇರಿಕೊಂಡಿವೆ ಎಂದು ಶಂಕಿಸಬೇಕು. ಅದೇ ಪರದೆಯ `MAX AVAIL` ಎಲ್ಲಕ್ಕಿಂತ ಬೇಗ ತುಂಬಲಿರುವ ಡಿಸ್ಕನ್ನು ನೋಡಿ ಹೇಳುವ ಸಂಖ್ಯೆ.

ಆದ್ದರಿಂದ ಗ್ರಂಥಾಲಯ ಎರಡನ್ನೂ ಬಳಸುವುದೇ ಸರಿ. ಸ್ಕ್ಯಾನ್ ಮಾಡಿದ ಪುಟಗಳ ದೊಡ್ಡ ಚಿತ್ರಗಳನ್ನು ಒಮ್ಮೆ ಬರೆದ ಮೇಲೆ ಯಾರೂ ತಿದ್ದುವುದಿಲ್ಲ, ಅವು 4+2ಕ್ಕೆ ಹೋಗಲಿ. ಕಿರುಚಿತ್ರಗಳು, ಹುಡುಕುವ ಸೂಚಿ, ದಿನವೂ ತಿದ್ದುಪಡಿಯಾಗುವ ಡೇಟಾಬೇಸ್ ಮೂರು ನಕಲಿನಲ್ಲಿರಲಿ, ಏಕೆಂದರೆ ಅಲ್ಲಿ ಒಂದು ಸಾಲು ತಿದ್ದಿದರೂ ಲೆಕ್ಕದ ತುಂಡುಗಳನ್ನು ಮತ್ತೆ ಎಣಿಸಿ ಬರೆಯುವ ಶ್ರಮವಿಲ್ಲ. ಇವಕ್ಕೆ 60 ಟೆರಾಬೈಟ್ ಬೇಕೆಂದರೆ ಅವು ಹಿಡಿಯುವುದು 180. 816ರಲ್ಲಿ ಉಳಿದ 636ರಲ್ಲಿ 424 ಟೆರಾಬೈಟ್ ಪುಟಗಳು ಹಿಡಿಸುತ್ತವೆ. ಎರಡೂ ಸೇರಿ 484. ಟೆಂಡರಿನಲ್ಲಿ 1,120ರ ಪಕ್ಕದಲ್ಲಿ ಬರೆಯಬೇಕಾದ ಸಂಖ್ಯೆ ಅದು.