ಎಲ್ಲರೂ ಮಲಗಿದ ಮೇಲಿನ ಊಟ

ಮದುವೆಮನೆಯಲ್ಲಿ ಎರಡು ಹೋಳಿಗೆ ಸಾಕು ಎಂದುಕೊಂಡು ಪಂಕ್ತಿಗೆ ಕೂತವರು ಬಡಿಸುವವರ ಒತ್ತಾಯಕ್ಕೆ ನಾಲ್ಕು ತಿಂದು, ಮೇಲೆ ಚಿರೋಟಿಗೂ ಹಾಲು ಹಾಕಿಸಿಕೊಂಡು, ಕೊನೆಗೆ ಎಲೆಯ ಮುಂದಿನಿಂದ ಏಳಲು ಪಕ್ಕದವರ ಕೈ ಹಿಡಿದದ್ದುಂಟು. ಮನೆಗೆ ಬಂದು ಒಂದು ಲೋಟ ನೀರು ಮಜ್ಜಿಗೆ ಕುಡಿದು, ರಾತ್ರಿ ಊಟ ಬೇಡವೆಂದು ಮಲಗಿದರೆ ಅಲ್ಲಿಗೆ ಮುಗಿಯಿತು. ಮರುದಿನ ಅದನ್ನು ನಾವೇ ನಗುತ್ತ ಹೇಳಿಕೊಳ್ಳುತ್ತೇವೆ. ತಿಂದದ್ದು ಹೆಚ್ಚಾಯಿತು, ನಿಜ. ಆದರೆ ನಾಲ್ಕು ಜನರ ಎದುರು, ರುಚಿ ನೋಡುತ್ತ, ಮಾತಾಡುತ್ತ ತಿಂದೆವು. ಐದನೆಯ ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಲು ನಮಗೆ ಸಾಧ್ಯವಾಯಿತು.

ಈಗ ಇನ್ನೊಂದು ಊಟ ನೋಡೋಣ. ಇದು ಯಾರೋ ಒಬ್ಬರ ಕತೆಯಲ್ಲ, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಕೂಡಿಸಿ ನಾನು ಕಟ್ಟಿಕೊಂಡ ಉದಾಹರಣೆ. ತುಮಕೂರಿನ ಕಚೇರಿಯೊಂದರ ಗುಮಾಸ್ತ, ವಯಸ್ಸು 41, ಸಕ್ಕರೆ ಕಾಯಿಲೆ ಇದೆ. ತೂಕ ಇಳಿಸಿ ಎಂದು ವೈದ್ಯರು ಹೇಳಿದ್ದಾರೆ. ಹಾಗಾಗಿ ಬೆಳಿಗ್ಗೆ ಸಕ್ಕರೆ ಹಾಕದ ಕಾಫಿ ಮಾತ್ರ. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಚಪಾತಿ, ಸೌತೆಕಾಯಿ. ರಾತ್ರಿ ಮನೆಯವರ ಜೊತೆ ಕೂತು ಒಂದೇ ಚಪಾತಿ ತಿಂದು ಏಳುತ್ತಾನೆ. ಹನ್ನೊಂದು ದಾಟಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತಾನೆ. ಮಿಕ್ಕ ಅನ್ನಕ್ಕೆ ತಣ್ಣಗಿನ ಸಾರನ್ನೇ ಸುರಿದುಕೊಂಡು ನಿಂತೇ ಉಣ್ಣುತ್ತಾನೆ. ಆಮೇಲೆ ಉಳಿದ ಚಪಾತಿ, ಮಕ್ಕಳ ಬಿಸ್ಕತ್ತಿನ ಪೊಟ್ಟಣ, ಡಬ್ಬಿಯಲ್ಲಿದ್ದ ನಿಪ್ಪಟ್ಟು, ಅದೂ ಮುಗಿದ ಮೇಲೆ ಬೆಲ್ಲದ ಚೂರು. ಅಷ್ಟೂ ಮುಕ್ಕಾಲು ಗಂಟೆಯೊಳಗೆ. ರುಚಿ ಗೊತ್ತಾಗುವುದಿಲ್ಲ, ಸಾಕು ಅನ್ನಿಸುತ್ತದೆ, ಆದರೂ ಕೈ ನಿಲ್ಲುವುದಿಲ್ಲ. ಹೊಟ್ಟೆ ನೋಯತೊಡಗಿದಾಗ ನಿಲ್ಲಿಸಿ, ಬಿಸ್ಕತ್ತಿನ ಕಾಗದವನ್ನು ಕಸದ ಬುಟ್ಟಿಯ ತಳಕ್ಕೆ ತುರುಕುತ್ತಾನೆ. ನಾಳೆ ಪೂರ್ತಿ ಉಪವಾಸ ಎಂದು ತೀರ್ಮಾನಿಸಿ ಮಲಗುತ್ತಾನೆ. ವಾರಕ್ಕೆ ಮೂರು ಸಲವಾದರೂ ಹೀಗಾಗುತ್ತದೆ. ಹೆಂಡತಿಗೆ ಗೊತ್ತಿಲ್ಲ.

ಇದಕ್ಕೆ ವೈದ್ಯರು ಕೊಡುವ ಹೆಸರು ಬಿಂಜ್ ಈಟಿಂಗ್ ಡಿಸಾರ್ಡರ್. ಹೀಗೆ ಕೈ ಮೀರಿ ತಿನ್ನುವ ಒಂದೊಂದು ಸರದಿಗೂ ಬಿಂಜ್ ಎನ್ನುತ್ತಾರೆ. 1959ರಲ್ಲೇ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ತಮ್ಮ ರೋಗಿಗಳಲ್ಲಿ ಇದನ್ನು ಗುರುತಿಸಿ ಬರೆದಿದ್ದರು. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಇದನ್ನು ಸ್ವತಂತ್ರ ಕಾಯಿಲೆಯೆಂದು ಒಪ್ಪಿದ್ದು 2013ರಲ್ಲಿ. ಅಲ್ಲಿಯವರೆಗೆ ಇಂಥವರಿಗೆ ಸಿಗುತ್ತಿದ್ದದ್ದು ಬಾಯಿ ಕಟ್ಟಿ ಎಂಬ ಬುದ್ಧಿಮಾತು. ಈಗಲೂ ಬಹುಪಾಲು ಕಡೆ ಸಿಗುವುದು ಅದೇ.

ಕಾಯಿಲೆ ಎನ್ನಬೇಕಾದರೆ ಏನೇನು ಇರಬೇಕು? ಸುಮಾರು ಎರಡು ಗಂಟೆಯೊಳಗೆ, ಅಂಥದೇ ಸಂದರ್ಭದಲ್ಲಿ ಬೇರೆಯವರು ತಿನ್ನುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ತಿಂದಿರಬೇಕು. ತಿನ್ನುವಾಗ ನಿಲ್ಲಿಸಲು ತನ್ನಿಂದ ಆಗುತ್ತಿಲ್ಲ ಅನ್ನಿಸಿರಬೇಕು. ಜೊತೆಗೆ ಗಬಗಬ ತಿನ್ನುವುದು, ಹೊಟ್ಟೆ ಬಿರಿಯುವವರೆಗೆ ತಿನ್ನುವುದು, ಹಸಿವಿಲ್ಲದೆಯೂ ತಿನ್ನುವುದು, ನಾಚಿಕೆಯಿಂದ ಒಂಟಿಯಾಗಿ ತಿನ್ನುವುದು, ಆಮೇಲೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟುವುದು, ಈ ಐದರಲ್ಲಿ ಮೂರಾದರೂ ಇರಬೇಕು. ಇದು ಮನಸ್ಸನ್ನು ನಿಜವಾಗಿ ಬಾಧಿಸುತ್ತಿರಬೇಕು. ಮತ್ತು ವಾರಕ್ಕೆ ಒಂದು ಸಲದಂತೆ ಮೂರು ತಿಂಗಳು ನಡೆದಿರಬೇಕು. ಮೂರು ತಿಂಗಳ ಈ ಲೆಕ್ಕವೇ ದೀಪಾವಳಿಯ ವಾರ, ತವರಿಗೆ ಹೋದ ಹದಿನೈದು ದಿನ, ಪರೀಕ್ಷೆಯ ಹಿಂದಿನ ರಾತ್ರಿಯ ಚಿಪ್ಸ್ ಎಲ್ಲವನ್ನೂ ಹೊರಗಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿ ಒಂದು ಹೆಜ್ಜೆ ಮುಂದೆ ಹೋಗಿ, ತಿಂದ ಪ್ರಮಾಣ ತೀರಾ ಹೆಚ್ಚಿರಲೇಬೇಕೆಂದಿಲ್ಲ, ಕೈ ಮೀರಿತು ಎಂಬ ಅನುಭವವೇ ಮುಖ್ಯ ಎನ್ನುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಎಷ್ಟು ಇಡ್ಲಿ ತಿಂದಿರಿ ಎಂದು ಎಣಿಸುತ್ತ ಕೂತರೆ ಈ ಕಾಯಿಲೆ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಗೆರೆಯನ್ನೂ ಇಲ್ಲೇ ಎಳೆಯಬೇಕು. ತಿಂದದ್ದನ್ನು ಹೊರಹಾಕಲು ಬೆರಳು ಹಾಕಿ ವಾಂತಿ ಮಾಡುವುದೋ ಭೇದಿ ಮಾತ್ರೆ ನುಂಗುವುದೋ ಪದೇಪದೇ ನಡೆಯುತ್ತಿದ್ದರೆ ಅದು ಬುಲಿಮಿಯಾ ಎಂಬ ಬೇರೆ ಕಾಯಿಲೆ. ಅದರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದಾದ್ದರಿಂದ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಉದಾಹರಣೆಗೆ ಗಂಡಸನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಿನ್ನುವುದಕ್ಕೆ ಸಂಬಂಧಿಸಿದ ಮನೋರೋಗಗಳೆಂದರೆ ಕಾಲೇಜು ಹುಡುಗಿಯರ ತೊಂದರೆ ಎಂಬ ಕಲ್ಪನೆ ಬೇರೂರಿದೆ. ಬಿಂಜ್ ಈಟಿಂಗ್ ಮಟ್ಟಿಗೆ ಇದು ತಪ್ಪು. 2007ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ಅಲ್ಲಿನ ಹೆಂಗಸರಲ್ಲಿ ಶೇ. 3.5, ಗಂಡಸರಲ್ಲಿ ಶೇ. 2ರಷ್ಟು ಜನರಿಗೆ ಜೀವನದಲ್ಲಿ ಯಾವಾಗಲಾದರೂ ಇದು ಬಂದಿತ್ತು. ನಮ್ಮಲ್ಲಂತೂ ಗಂಡುಮಕ್ಕಳು ಹೆಚ್ಚು ಉಂಡರೆ ಮೆಚ್ಚುಗೆಯೇ ಸಿಗುವುದರಿಂದ ಅವರ ಕಾಯಿಲೆ ಆ ಮೆಚ್ಚುಗೆಯ ಕೆಳಗೆ ಮುಚ್ಚಿಹೋಗುತ್ತದೆ. ದಪ್ಪಗಿರುವವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಕಾಯಿಲೆ ಇರುವವರೆಲ್ಲ ದಪ್ಪಗಿರುವುದೂ ಇಲ್ಲ.

ಗುಮಾಸ್ತನ ವೈದ್ಯರಿಗೂ ಮೊದಲು ಇದು ಹೊಳೆಯಲಿಲ್ಲ ಎಂದಿಟ್ಟುಕೊಳ್ಳಿ. ಅವನು ಹೇಳುವ ಪಥ್ಯ ಅಚ್ಚುಕಟ್ಟು, ಸುಳ್ಳೂ ಅಲ್ಲ. ಆದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇಳಿಯುತ್ತಿಲ್ಲ. ಹಾಗಾಗಿ ಮಾತ್ರೆ ಜಾಸ್ತಿಯಾಯಿತು, ಪಥ್ಯ ಇನ್ನೂ ಬಿಗಿಯಾಯಿತು. ಇಲ್ಲೊಂದು ಅಪಾಯವಿದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹಗಲು ಉಪವಾಸವಿದ್ದರೆ ರಕ್ತದ ಸಕ್ಕರೆ ಸರ್ರನೆ ಕುಸಿದು, ಬೆವರಿ, ಕೈನಡುಕ ಬಂದು, ಸಿಕ್ಕಿದ್ದನ್ನು ತಿನ್ನಲೇಬೇಕಾಗುತ್ತದೆ. ತಿಂದ ನಾಚಿಕೆಗೆ ಮತ್ತೆ ಉಪವಾಸ. ತಾನು ದಿನವೆಲ್ಲ ತಡೆದುಕೊಂಡು ರಾತ್ರಿ ಸೋಲುತ್ತಿದ್ದೇನೆ ಎಂದು ಅವನು ತಿಳಿದಿದ್ದಾನೆ. ಆದರೆ ಹಗಲು ಹಾಗೆ ತಡೆದುಕೊಳ್ಳುವುದೇ ರಾತ್ರಿಯ ಬಿಂಜ್‌ಗೆ ದಾರಿ ಮಾಡಿಕೊಡುತ್ತದೆ. ಹಸಿವು ಒಂದೇ ಕಾರಣವಲ್ಲ, ಬೇಸರ, ಒಂಟಿತನ, ಮೇಲಧಿಕಾರಿಯ ಬೈಗುಳ ಎಲ್ಲವೂ ಕಿಡಿ ಹಚ್ಚಬಹುದು. ಆದರೆ ದಿನವಿಡೀ ಖಾಲಿ ಇಟ್ಟ ಹೊಟ್ಟೆಯ ಮೇಲೆ ಆ ಕಿಡಿ ಬಿದ್ದರೆ ಹತ್ತಿಕೊಳ್ಳುವುದು ಬೇಗ.

ಹೀಗಾಗಿ ಚಿಕಿತ್ಸೆಯ ಮೊದಲ ಹೆಜ್ಜೆ ಕೇಳಿದವರು ಬೆರಗಾಗುತ್ತಾರೆ: ಹೊತ್ತು ಹೊತ್ತಿಗೆ ತಿನ್ನಿ. ಈ ಕಾಯಿಲೆಗೆ ಹೆಚ್ಚು ಪರೀಕ್ಷೆಗೊಳಗಾದ ಚಿಕಿತ್ಸೆಗಳಲ್ಲಿ ಮುಖ್ಯವಾದದ್ದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ. ತಿನ್ನುವ ಕಾಯಿಲೆಗಳಿಗೆ ಇದನ್ನು ಹೊಂದಿಸಿದವರಲ್ಲಿ ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಪ್ರಮುಖರು. ಮೊದಲ ವಾರ ಅವನ ಕೈಗೆ ಸಿಗುವುದು ಒಂದು ನೋಟ್‌ಬುಕ್. ತಿಂದ ತಕ್ಷಣ ಬರೆಯಬೇಕು, ರಾತ್ರಿ ನೆನಪಿಸಿಕೊಂಡು ಬರೆದರೆ ಉಪಯೋಗವಿಲ್ಲ. ಎಷ್ಟು ಗಂಟೆಗೆ, ಎಲ್ಲಿ, ಏನು ತಿಂದದ್ದು, ಹೆಚ್ಚಾಯಿತು ಅನ್ನಿಸಿದರೆ ಪಕ್ಕದಲ್ಲೊಂದು ನಕ್ಷತ್ರದ ಗುರುತು, ಆಗ ಮನಸ್ಸಿನಲ್ಲಿ ಏನಿತ್ತು ಎಂಬ ಒಂದು ಸಾಲು. ಕ್ಯಾಲೊರಿ ಲೆಕ್ಕ ಬೇಡ. ಎರಡು ವಾರದ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗುಮಾಸ್ತನಿಗೆ ಒಂದು ಸಂಗತಿ ಕಾಣುತ್ತದೆ. ಕಚೇರಿಯ ಮೀಟಿಂಗಿನಲ್ಲಿ ಉಪ್ಪಿಟ್ಟು, ಬಾಳೆಹಣ್ಣು ತಿಂದಿದ್ದ ಬುಧವಾರ ನಕ್ಷತ್ರವಿಲ್ಲ. ಮಧ್ಯಾಹ್ನದ ಡಬ್ಬಿಯನ್ನೂ ತಿನ್ನದ ಗುರುವಾರ ಎರಡು ನಕ್ಷತ್ರ.

ಮುಂದಿನದು ವೇಳಾಪಟ್ಟಿ. ಮೂರು ಊಟ, ನಡುವೆ ಎರಡೋ ಮೂರೋ ಸಣ್ಣ ತಿಂಡಿ, ಯಾವ ಎರಡರ ನಡುವೆಯೂ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಎಂಟಕ್ಕೆ ಎರಡು ಇಡ್ಲಿ ಚಟ್ನಿ, ಹನ್ನೊಂದಕ್ಕೆ ಒಂದು ಹಣ್ಣು, ಒಂದೂವರೆಗೆ ಚಪಾತಿ ಪಲ್ಯದ ಜೊತೆ ಸ್ವಲ್ಪ ಅನ್ನ, ಐದಕ್ಕೆ ಹಿಡಿ ಕಡಲೆ, ಎಂಟೂವರೆಗೆ ಮನೆಯವರ ಜೊತೆ ಪೂರ್ತಿ ಊಟ. ಸಕ್ಕರೆ ಕಾಯಿಲೆಯವರು ಇದನ್ನು ಮಾತ್ರೆಯ ಹೊತ್ತಿಗೆ ಹೊಂದಿಸಿಕೊಡುವಂತೆ ವೈದ್ಯರನ್ನು ಕೇಳಬೇಕು. ಬಿಂಜ್ ಆದ ಮರುದಿನವೂ ಎಂಟಕ್ಕೆ ಇಡ್ಲಿ ತಿನ್ನಲೇಬೇಕು. ಪ್ರಾಯಶ್ಚಿತ್ತದ ಉಪವಾಸ ಕೂಡದು. ನಮ್ಮವರಿಗೆ ಅತ್ಯಂತ ಕಷ್ಟವಾಗುವ ನಿಯಮ ಇದೇ ಇರಬೇಕು, ಏಕೆಂದರೆ ಉಪವಾಸಕ್ಕೆ ಇಲ್ಲಿ ಪುಣ್ಯವೂ ಅಂಟಿಕೊಂಡಿದೆ. ಏಕಾದಶಿ, ಸಂಕಷ್ಟಿಯನ್ನು ಚಿಕಿತ್ಸೆ ಮುಗಿಯುವವರೆಗೆ ಬದಿಗಿಡುವ ಮಾತನ್ನು ಮನೆಯ ಹಿರಿಯರೊಂದಿಗೂ ಆಡಬೇಕಾದೀತು.

ತೂಕ ನೋಡುವುದು ವಾರಕ್ಕೆ ಒಂದೇ ಸಲ. ತಿನ್ನಲೇಬೇಕೆಂಬ ತುಡಿತ ಬಂದಾಗ ಹೊರಗೆ ಸುತ್ತಾಡಿ ಬರುವುದು, ಯಾರಿಗಾದರೂ ಫೋನ್ ಮಾಡುವುದು, ಸ್ನಾನಕ್ಕೆ ಇಳಿಯುವುದು, ಹೀಗೆ ಮೊದಲೇ ಬರೆದಿಟ್ಟ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳಬೇಕು. ತುಡಿತ ಕೂತಲ್ಲೇ ಕೂರುವುದಿಲ್ಲ, ಏರಿ ಇಳಿದುಹೋಗುತ್ತದೆ ಎಂಬುದನ್ನು ಒಮ್ಮೆ ಕಂಡವನಿಗೆ ಎರಡನೆಯ ಸಲ ಅಷ್ಟು ಹೆದರಿಕೆಯಾಗುವುದಿಲ್ಲ. ಕೊನೆಯ ಹಂತದಲ್ಲಿ ನಿಪ್ಪಟ್ಟು, ಬಿಸ್ಕತ್ತಿನಂಥ ತಾನೇ ಬಹಿಷ್ಕರಿಸಿದ ತಿಂಡಿಗಳನ್ನು ಸ್ವಲ್ಪ ಸ್ವಲ್ಪವೇ, ಹಗಲಲ್ಲಿ, ಎಲ್ಲರ ಎದುರು ಮರಳಿ ತಿನ್ನಲು ಕಲಿಸುತ್ತಾರೆ. ಒಂದು ಬಿಸ್ಕತ್ತು ತಿಂದೆನಲ್ಲ, ಇನ್ನು ವ್ರತ ಕೆಟ್ಟಿತು, ಪೊಟ್ಟಣವೇ ಮುಗಿಯಲಿ ಎಂಬ ಲೆಕ್ಕಾಚಾರವನ್ನು ಮುರಿಯಲು ಇದು ಬೇಕು.

ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೊದಲು ಸೂಚಿಸುವುದು ಇದೇ ಸಿಬಿಟಿ ಹಾದಿಯ ಪುಸ್ತಕವನ್ನು ರೋಗಿಯೇ ಓದಿ ಅನುಸರಿಸುವುದನ್ನು. ಜೊತೆಗೆ 16 ವಾರಗಳಲ್ಲಿ ತಲಾ 20 ನಿಮಿಷದ ನಾಲ್ಕರಿಂದ ಒಂಬತ್ತು ಭೇಟಿ. ಅದು ಸಾಲದಿದ್ದರೆ ಗುಂಪಿನಲ್ಲಿ, ಅದೂ ಆಗದಿದ್ದರೆ ಒಬ್ಬರೇ ಕೂತು 16ರಿಂದ 20 ಭೇಟಿ. ಸಂಬಂಧಗಳ ತೊಡಕನ್ನು ಬಿಡಿಸುವ ಇಂಟರ್‌ಪರ್ಸನಲ್ ಥೆರಪಿ ಎಂಬ ಇನ್ನೊಂದು ಬಗೆಯೂ ಇದೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ವರ್ಷದ ನಂತರ ನೋಡಿದಾಗ ಈ ಎರಡು ಮಾತಿನ ಚಿಕಿತ್ಸೆಗಳೂ ಬರೀ ತೂಕ ಇಳಿಸುವ ಕಾರ್ಯಕ್ರಮಕ್ಕಿಂತ ಬಿಂಜ್ ತಡೆಯುವುದರಲ್ಲಿ ಮೇಲಾಗಿದ್ದವು.

ಔಷಧ ಇಲ್ಲವೆಂದಲ್ಲ. ಲಿಸ್‌ಡೆಕ್ಸಾಂಫೆಟಮಿನ್ ಎಂಬುದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ, ಮಧ್ಯಮ ಮತ್ತು ತೀವ್ರ ಕಾಯಿಲೆಯ ವಯಸ್ಕರಿಗಾಗಿ ಒಪ್ಪಿಗೆ ಕೊಟ್ಟಿತು. ನಿದ್ದೆಗೆಡುವುದು, ಬಾಯಿ ಒಣಗುವುದು, ರಕ್ತದೊತ್ತಡ ಏರುವುದು ಅದರ ಅಡ್ಡ ಪರಿಣಾಮಗಳು, ಚಟವಾಗುವ ಅಪಾಯವೂ ಇದೆ. ತೂಕ ಇಳಿಸಲು ಅದನ್ನು ಕೊಡುವಂತಿಲ್ಲ. ಖಿನ್ನತೆಯೂ ಜೊತೆಗಿದ್ದರೆ ಫ್ಲುಒಕ್ಸೆಟಿನ್‌ನಂಥ ಮಾತ್ರೆಗಳನ್ನು ಮನೋವೈದ್ಯರು ಬರೆಯುತ್ತಾರೆ. ಮಾತಿನ ಚಿಕಿತ್ಸೆ ಬಿಟ್ಟು ಮಾತ್ರೆಯನ್ನಷ್ಟೇ ಕೊಡಬೇಡಿ ಎನ್ನುತ್ತದೆ ನೈಸ್.

ಸಿಬಿಟಿ ಪೂರ್ತಿ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನರ ಬಿಂಜ್ ನಿಲ್ಲುತ್ತದೆ, ಉಳಿದವರಲ್ಲಿ ಹಲವರಿಗೆ ಕಡಿಮೆಯಾಗುತ್ತದೆ. ತೂಕ ಮಾತ್ರ ಅಷ್ಟೇನೂ ಇಳಿಯುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಎರಡನೆಯ ತಿಂಗಳಲ್ಲಿ ತಕ್ಕಡಿ ನೋಡಿ ರೋಗಿ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾನೆ. ಗುಮಾಸ್ತ ಎದುರು ನೋಡಬೇಕಾದದ್ದು ನೋಟ್‌ಬುಕ್ಕಿನ ನಕ್ಷತ್ರಗಳು ಕಡಿಮೆಯಾಗುವುದನ್ನು.

ಹೋಗಬೇಕಾದ್ದು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೆ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ತಿನ್ನುವ ಕಾಯಿಲೆಗಳಲ್ಲಿ ಪಳಗಿದ ಚಿಕಿತ್ಸಕರು ಎಲ್ಲ ಊರಲ್ಲೂ ಸಿಗುವುದಿಲ್ಲ. ಆದ್ದರಿಂದ ಹೋದಲ್ಲಿ ಡಯಟ್ ಚಾರ್ಟ್ ಒಂದನ್ನೇ ಕೊಟ್ಟು ಕಳಿಸದಂತೆ, ತೂಕದ ಮಾತು ಎತ್ತುವ ಮೊದಲೇ, ತಿನ್ನುವಾಗ ನಿಲ್ಲಿಸಲು ಆಗುವುದಿಲ್ಲ, ವಾರಕ್ಕೆ ಇಷ್ಟು ಸಲ, ಇಷ್ಟು ತಿಂಗಳಿಂದ ಎಂದು ಹೇಳಿಬಿಡುವುದು ಒಳ್ಳೆಯದು. ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಟ್ಟರೂ ನಡೆಯುತ್ತದೆ.