ಬಾನುಲಿ ಲೆಕ್ಕದಲ್ಲಿ ಬ್ಯಾಟರಿಗೂ ಸಂಬಳ

ಬೋರನಕಣಿವೆ ಕಡೆ ಒಂದು ಸಮುದಾಯ ಬಾನುಲಿ ಕೇಂದ್ರ ಇದೆ ಅಂದುಕೊಳ್ಳಿ. ತಿಂಗಳ ಲೆಕ್ಕ ಹೇಗಿರಬೇಕು?

ಮೊದಲು ಜಾಹೀರಾತು. ನಿಯಮದ ಪ್ರಕಾರ ಗಂಟೆಗೆ ಏಳು ನಿಮಿಷ ಇದ್ದದ್ದು 2024ರಲ್ಲಿ 12 ನಿಮಿಷ ಆಯಿತು. ಕೇಂದ್ರ ಸರ್ಕಾರದ ಜಾಹೀರಾತಿನ ದರವೂ 10 ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿತು. ಅರ್ಧ ನಿಮಿಷದ ಜಾಹೀರಾತು ನೂರು ಸಲ ಹೋದರೆ 22,200 ರೂಪಾಯಿ.

ಖುಷಿಪಡಬೇಡಿ, ಅದಿನ್ನೂ ಬಿಲ್ಲು. ಸರ್ಕಾರಿ ಬಿಲ್ಲಿನ ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಅದನ್ನು ನಂಬಿ ಹುಡುಗರಿಗೆ ಗೌರವಧನ ಒಪ್ಪಿಕೊಂಡರೆ ಮೂರನೇ ತಿಂಗಳಿಗೆ ಮೈಕ್ ಮುಂದೆ ಯಾರೂ ಇರುವುದಿಲ್ಲ.

ಗೌರವಧನಕ್ಕೆ ಊರಿನ ಹಣವೇ ಸರಿ. ಎಣ್ಣೆ ಗಾಣ, ಹಿಂಡಿ ಅಂಗಡಿ, ಕೊಬ್ಬರಿ ಮಂಡಿಯಿಂದ ದಿನಕ್ಕೆ ಆರು ಜಾಹೀರಾತು, ಒಂದಕ್ಕೆ ನೂರು ರೂಪಾಯಿ, ಮುಂಗಡವಾಗಿ. ತಿಂಗಳಿಗೆ 18,000. ಮೂವರಿಗೆ ತಲಾ 6,000, ಅಲ್ಲಿಗೆ ಸರಿಹೋಯಿತು.

ಇನ್ನು ಎಲ್ಲರೂ ಮರೆಯುವ ಸಾಲು: ಸವಕಳಿ. ಟ್ರಾನ್ಸ್‌ಮಿಟರ್‌ಗೆ 4,20,000 ಕೊಟ್ಟು, ಏಳು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 5,000. ಯುಪಿಎಸ್ ಬ್ಯಾಟರಿಗೆ 36,000, ಮೂರು ವರ್ಷ, ತಿಂಗಳಿಗೆ 1,000. ಸರ್ಕಾರಿ ಹಣ ಬಂದಾಗ, ಬಾಕಿ ಇರುವ ಪ್ರತಿ ತಿಂಗಳಿಗೂ ಆರು ಸಾವಿರದಂತೆ ಮೊದಲು ಬೇರೆ ಖಾತೆಗೆ. ಉಳಿದದ್ದು ಕರೆಂಟು, ರಿಪೇರಿಗೆ.

ಬ್ಯಾಟರಿ ಮುನ್ಸೂಚನೆ ಕೊಡುತ್ತದೆ. ಎರಡು ಗಂಟೆ ನಿಲ್ಲುತ್ತಿದ್ದದ್ದು ಅರ್ಧ ಗಂಟೆಗೆ ಇಳಿದರೆ ಬದಲಿಸುವ ಕಾಲ ಬಂದಿದೆ. ಸಿಡಿಲು ಮಾತ್ರ ಹೇಳಿ ಬರುವುದಿಲ್ಲ. ಮುಂಗಾರಿಗೆ ಮುಂಚೆಯೇ ಗೋಪುರದ ಅರ್ಥಿಂಗ್ ಪರೀಕ್ಷೆ ಮಾಡಿಸಿ.