ಅಮ್ಮನ ಫೋನ್ ಅರಬ್ಬಿಗೆ ತಿರುಗಿದರೆ

ಗಲ್ಫಿನಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಫೋನು ಕರಾವಳಿಯ ಎಷ್ಟೋ ಮನೆಗಳಲ್ಲಿದೆ. ಅಂಥ ಫೋನಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಅರಬ್ಬಿಯೂ ಉಳಿದಿರುವುದುಂಟು. ಮೊಮ್ಮಗನ ಬೆರಳು ತಾಗಿ ಅದು ಮೇಲಕ್ಕೆ ಹೋಯಿತೆನ್ನಿ, ಫೋನಿನ ಅಕ್ಷರಗಳಷ್ಟೇ ಅಲ್ಲ, ದಿಕ್ಕೂ ಬದಲಾಗುತ್ತದೆ. ಅರಬ್ಬಿಯನ್ನು ಬಲದಿಂದ ಎಡಕ್ಕೆ ಬರೆಯುವುದರಿಂದ ಪರದೆಯೇ ಮಗುಚಿ, ಎಡಗಡೆ ಇದ್ದದ್ದು ಬಲಗಡೆಗೆ ಬರುತ್ತದೆ.

ಇಂಥ ಹೊತ್ತಿನಲ್ಲಿ ದೂರದಿಂದ ‘ಸಿಸ್ಟಮ್ ಅಂತ ಬರೆದಿರೋದನ್ನು ಒತ್ತಮ್ಮ’ ಎಂದರೆ ಪ್ರಯೋಜನವಿಲ್ಲ. ಆ ಪದ ಅವರಿಗೆ ಕಾಣುತ್ತಲೇ ಇಲ್ಲ. ದಾರಿ ಹೇಳಬೇಕಾದ್ದು ಚಿತ್ರಗಳನ್ನೂ ಅವು ಇರುವ ಜಾಗವನ್ನೂ ಹಿಡಿದು. ಅದೂ ಕಾಗದದ ಮೇಲೆ, ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲಿ ಆಯಾ ಚಿತ್ರ ಬಿಡಿಸಿ. ಪಿಕ್ಸೆಲ್, ಮೊಟೊರೊಲಾದಂಥ ಆಂಡ್ರಾಯ್ಡ್ ಫೋನಿಗೆ ಆ ಚೀಟಿ ಹೀಗಿರಬಹುದು:

‘ಅಮ್ಮಾ, ಮೊದಲು ಇಡೀ ಫೋನು ಬದಲಾಗಿದೆಯೋ ನೋಡು. ಮುಖಪರದೆಯಲ್ಲಿ ವಾರದ ಹೆಸರು ಕನ್ನಡದಲ್ಲೇ ಇದ್ದು, ಟೈಪ್ ಮಾಡುವಾಗ ಮಾತ್ರ ಬೇರೆ ಅಕ್ಷರ ಬಂದರೆ ಕೀಬೋರ್ಡ್ ಬದಲಾಗಿದೆ ಅಷ್ಟೆ. ಕೀಬೋರ್ಡಿನ ಕೆಳಸಾಲಿನಲ್ಲಿ ಭೂಗೋಳದ ಚಿತ್ರವಿದೆಯಲ್ಲ, ಕನ್ನಡ ಬರುವವರೆಗೆ ಅದನ್ನು ಒತ್ತು. ವಾರದ ಹೆಸರೂ ಅರಬ್ಬಿಯಾಗಿದ್ದರೆ ಮುಂದೆ ಓದು.

ಪರದೆಯ ಮೇಲಂಚಿನಿಂದ ಕೆಳಕ್ಕೆ ಎರಡು ಸಲ ಬೆರಳು ಎಳೆ. ಮೂಲೆಯಲ್ಲಿ ಹಲ್ಲಿನ ಚಕ್ರ ಕಾಣುತ್ತದೆ, ಒತ್ತು. ಉದ್ದದ ಪಟ್ಟಿ ಬರುತ್ತದೆ. ತೀರಾ ಕೊನೆಯವರೆಗೆ ಸರಿಸು. ಅಲ್ಲಿ ವೃತ್ತದೊಳಗೆ i ಎಂಬ ಗುರುತಿರುವ ಸಾಲನ್ನು ಒತ್ತು. ಅದರ ಹತ್ತಿರವೇ ಪುಟ್ಟ ಫೋನಿನ ಚಿತ್ರದೊಳಗೆ i ಇರುವ ಇನ್ನೊಂದು ಸಾಲಿದೆ. ತಪ್ಪಿ ಅದನ್ನು ಒತ್ತಿದರೆ ನಿನ್ನ ಫೋನ್ ನಂಬರ್ ಕಾಣಿಸುತ್ತದೆ. ಆಗ ಮೇಲೆ ಬಲಮೂಲೆಯ ಬಾಣ ಒತ್ತಿ ಹಿಂದೆ ಬಾ.

ಈಗ ಭೂಗೋಳದ ಚಿತ್ರವಿರುವ ಸಾಲು ಒತ್ತು, ಮುಂದಿನ ಪುಟದಲ್ಲಿ ಮೊದಲ ಸಾಲು ಒತ್ತು. 1, 2 ಎಂಬಂತೆ ಭಾಷೆಗಳು ಸಾಲಾಗಿ ಬರುತ್ತವೆ. ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುವುದರಿಂದ ‘ಕನ್ನಡ’ ಅಂತ ನೀನೇ ಓದಬಹುದು. ಆ ಸಾಲಿನ ಎಡತುದಿಯಲ್ಲಿ ಸಣ್ಣ ಅಡ್ಡಗೆರೆಗಳಿವೆ. ಅವುಗಳ ಮೇಲೆ ಬೆರಳಿಟ್ಟು, ಸಾಲು ಎದ್ದ ಹಾಗೆ ಕಂಡ ಮೇಲೆ, ಬೆರಳು ಎತ್ತದೆ ಎಲ್ಲಕ್ಕಿಂತ ಮೇಲಕ್ಕೆ ಒಯ್ದು ಬಿಡು. ಒಪ್ಪಿಗೆ ಕೇಳುವ ಪುಟ್ಟ ಚೌಕ ಬಂದರೆ ಎಡಗಡೆಯ ಮಾತು ಒತ್ತು. ಕೂಡಲೇ ಪರದೆ ಮತ್ತೆ ಮಗುಚಿ ಕನ್ನಡಕ್ಕೆ ಬರುತ್ತದೆ.

ಪಟ್ಟಿಯಲ್ಲಿ ಕನ್ನಡವೇ ಇಲ್ಲದಿದ್ದರೆ + ಗುರುತು ಒತ್ತು. ನಿನ್ನ ಸಿಮ್ ಇಲ್ಲಿಯದಾದ್ದರಿಂದ ಕನ್ನಡ ಮೇಲುಗಡೆಯೇ ಸಿಗಬಹುದು. ಸಿಗದಿದ್ದರೆ ನಿಧಾನವಾಗಿ ಕೆಳಗೆ ಹೋಗುತ್ತಾ ಹುಡುಕು. ಅದನ್ನು ಒತ್ತಿದರೆ ಪಟ್ಟಿಯ ಕೊನೆಗೆ ಸೇರುತ್ತದೆ. ಆಮೇಲೆ ಮೇಲಕ್ಕೆ ಎಳೆಯುವುದು ಮೊದಲಿನ ಹಾಗೇ.

ಒಂದು ಮಾತು ನೆನಪಿರಲಿ. ಭಾಷೆ ಬದಲಿಸಲು ಫೋನು ಪಿನ್ ಕೇಳುವುದೇ ಇಲ್ಲ. ಕೇಳಿತೆಂದರೆ ನೀನು ಬೇರೆಲ್ಲೋ ಹೋಗಿದ್ದೀ. ಏನೂ ಒತ್ತದೆ ಹಿಂದೆ ಬಾ.’

ಈ ಕೊನೆಯ ಮಾತಿಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿ. i ಗುರುತಿನ ಆ ಪುಟದಲ್ಲೇ, ಭಾಷೆಯ ಸಾಲಿಗಿಂತ ಕೆಳಗೆ, ಫೋನನ್ನು ಪೂರ್ತಿ ಅಳಿಸಿಹಾಕುವ ಆಯ್ಕೆಯ ದಾರಿಯೂ ಇದೆ. ಭಾಷೆ ಬದಲಾದರೆ ಫೋಟೊಗಳು, ಸಂದೇಶಗಳು, ಉಳಿಸಿಟ್ಟ ಹೆಸರು-ನಂಬರುಗಳು ಹಾಗೇ ಇರುತ್ತವೆ. ಅಳಿಸಿದರೆ ಫೋನಿನೊಳಗೆ ಮಾತ್ರ ಇದ್ದದ್ದೆಲ್ಲ ಹೋಗುತ್ತದೆ. ಅಂಥ ಕೆಲಸಕ್ಕೆ ಮುನ್ನ ಫೋನು ಲಾಕಿನ ಪಿನ್ ಕೇಳುವುದು ಇದಕ್ಕೇ. ಆದರೆ ಫೋನಿಗೆ ಲಾಕ್ ಹಾಕಿಲ್ಲದಿದ್ದರೆ ಈ ಕಾವಲೂ ಇಲ್ಲ. ಮೊದಲು ಒಂದು ಲಾಕ್ ಹಾಕಿಕೊಡಿ.

ಸ್ಯಾಮ್‌ಸಂಗ್ ಫೋನಿನ ದಾರಿ ಸ್ವಲ್ಪ ಬೇರೆ. ಹಲ್ಲಿನ ಚಕ್ರ ಒತ್ತಿದ ಮೇಲೆ ಹುಡುಕಬೇಕಾದ್ದು ಮೂರು ಅಡ್ಡಗೆರೆಗಳ ಮೇಲೆ ಚುಕ್ಕಿಗಳಿರುವ ಚಿತ್ರವನ್ನು. ಅದರೊಳಗೆ ಮೊದಲ ಸಾಲೇ ಭಾಷೆಯದು. ಈಚಿನ ಫೋನುಗಳಲ್ಲಿ ಕನ್ನಡದ ಸಾಲನ್ನು ಆರಿಸಿ ಕೆಳಗಿನ ಗುಂಡಿ ಒತ್ತಿದರೆ ಸಾಕು, ಎಳೆಯಬೇಕಿಲ್ಲ. ಹಾಗಾಗಿ ಚೀಟಿ ಬರೆಯುವ ಮೊದಲು ಅಮ್ಮನ ಫೋನನ್ನೇ ಕೈಯಲ್ಲಿ ಹಿಡಿದು, ಬೇಕೆಂದೇ ಅರಬ್ಬಿಗೆ ತಿರುಗಿಸಿ, ಕಂಡ ಚಿತ್ರಗಳನ್ನು ಕಂಡ ಜಾಗದಲ್ಲೇ ಗುರುತು ಮಾಡಿಕೊಳ್ಳಿ.

ಫೋನು ಕನ್ನಡಕ್ಕೆ ಮರಳಿದ ಮೇಲೆ ಎರಡನೆಯ ಸ್ಥಾನದಲ್ಲಿ ಇಂಗ್ಲಿಷ್ ಇಟ್ಟು, ಅರಬ್ಬಿಯನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಕನ್ನಡ ಇಲ್ಲದ ಆ್ಯಪ್‌ಗಳಿಗೆ ಫೋನು ಪಟ್ಟಿಯ ಮುಂದಿನ ಭಾಷೆಯನ್ನು ಕೊಡುತ್ತದೆ. ಅಂಥ ಯಾವುದೋ ಆ್ಯಪ್ ಇಂಗ್ಲಿಷಿನಲ್ಲೇ ತೆರೆದುಕೊಂಡರೆ ಅಮ್ಮ ಗಾಬರಿಯಾಗಬಾರದು. ಅದನ್ನೂ ಚೀಟಿಯ ಬೆನ್ನಿಗೆ ಬರೆದಿಡಿ.